ಊಟದ ನಂತರ ನುಂಗಿದರೆ ಸಾಕೇ? ಉರಿಯೂತ ನಿವಾರಕ ನೋವಿನ ಮಾತ್ರೆಗಳನ್ನು ಬಳಸುವವರಿಗೆ ಮಾರ್ಗದರ್ಶಿ

ಮಂಡಿನೋವು, ಹಲ್ಲುನೋವು, ಸೊಂಟದ ಉಳುಕು, ಮುಟ್ಟಿನ ಹೊಟ್ಟೆನೋವು, ಯಾವುದೇ ಇರಲಿ, ನೋವಿನ ಮಾತ್ರೆ ಕೈಗೆ ಬಂದ ಕೂಡಲೇ ಬಹುತೇಕರು ಕೇಳುವ ಪ್ರಶ್ನೆ ಒಂದೇ: ಇದನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೇ, ಊಟವಾದ ಮೇಲೆಯೇ? ಊಟದ ಜೊತೆಗೆ ಅಥವಾ ಊಟ ಮುಗಿದ ಕೂಡಲೇ ಎಂಬುದು ಅದಕ್ಕೆ ಉತ್ತರ. ಆದರೆ ಈ ಉತ್ತರವನ್ನು ಕೇಳಿಸಿಕೊಂಡವರು ಇನ್ನು ಚಿಂತೆಯಿಲ್ಲ ಎಂದುಕೊಂಡು ತಿಂಗಳುಗಟ್ಟಲೆ ಅದೇ ಮಾತ್ರೆಯನ್ನು ಮುಂದುವರಿಸುವುದನ್ನು ನೋಡಿದಾಗ, ಕೇಳಬೇಕಾದ ಬೇರೆ ಎರಡು ಪ್ರಶ್ನೆಗಳು ಉಳಿದೇಹೋಗುತ್ತಿವೆ ಎನಿಸುತ್ತದೆ. ಈ ಮಾತ್ರೆ ನನಗೆ ಆಗುತ್ತದೆಯೇ ಎಂಬುದು ಮೊದಲನೆಯದು, ಎಷ್ಟು ದಿನ ಎಂಬುದು ಎರಡನೆಯದು. ಅಪಾಯವನ್ನು ನಿರ್ಧರಿಸುವುದರಲ್ಲಿ ಈ ಎರಡರ ಪಾಲು ಊಟದ ಪಾಲಿಗಿಂತ ಹೆಚ್ಚು. ಆದ್ದರಿಂದ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ. ಊಟದ ವಿಷಯ ನಾಲ್ಕನೆಯ ಹಂತದಲ್ಲಿ ಬರುತ್ತದೆ.

ಮೊದಲು, ಈ ಔಷಧಿ ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿದರೆ ಮುಂದಿನ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಪೆಟ್ಟು ಬಿದ್ದ ಅಥವಾ ಸೋಂಕು ತಗುಲಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದನ್ನು ಉರಿಯೂತ ಎನ್ನುತ್ತೇವೆ. ಈ ನೋವು ಮತ್ತು ಊತಕ್ಕೆ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಕಾರಣ. ಅವುಗಳ ಉತ್ಪಾದನೆಯನ್ನು ತಡೆಯುವ ಮೂಲಕವೇ ಆಸ್ಪಿರಿನ್‌ನಂಥ ಔಷಧಿಗಳು ಕೆಲಸ ಮಾಡುತ್ತವೆ ಎಂಬುದನ್ನು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು. ಈ ಕ್ಷೇತ್ರದ ಕೆಲಸಕ್ಕಾಗಿ 1982ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ತೊಂದರೆಯೇನೆಂದರೆ, ಅದೇ ಪ್ರೊಸ್ಟಾಗ್ಲಾಂಡಿನ್‌ಗಳು ಜಠರದ ಒಳಗೋಡೆಯ ಮೇಲೆ ಲೋಳೆಯ ಪದರವನ್ನು ಉಳಿಸಿ, ಜಠರದ ಆಮ್ಲದಿಂದ ಅದನ್ನು ಕಾಪಾಡುತ್ತಿರುತ್ತವೆ. ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ತೆರೆದಿಡುವುದೂ ಅವುಗಳ ಕೆಲಸವೇ. ಮಾತ್ರೆಗೆ ಮಂಡಿಯ ಪ್ರೊಸ್ಟಾಗ್ಲಾಂಡಿನ್ ಯಾವುದು, ಹೊಟ್ಟೆಯದು ಯಾವುದು ಎಂಬ ಭೇದ ತಿಳಿಯುವುದಿಲ್ಲ. ನೋವು ತಗ್ಗುವುದೂ ಹೊಟ್ಟೆಗೆ, ಕಿಡ್ನಿಗೆ ಪೆಟ್ಟು ಬೀಳುವುದೂ ಒಂದೇ ಕ್ರಿಯೆಯ ಎರಡು ಫಲಗಳು.

ಹಂತ 1: ಮಾತ್ರೆಯ ಪಟ್ಟಿಯ ಹಿಂಬದಿ ಓದಿ

ಪಟ್ಟಿಯ ಮುಂದೆ ದಪ್ಪಕ್ಷರದಲ್ಲಿರುವ ಕಂಪನಿಯ ಹೆಸರನ್ನು ಬಿಟ್ಟು, ಸಣ್ಣಕ್ಷರದಲ್ಲಿ ಮುದ್ರಿಸಿರುವ ಔಷಧಿಯ ಮೂಲ ಹೆಸರನ್ನು ಹುಡುಕಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನ್ಯಾಪ್ರಾಕ್ಸೆನ್, ಮೆಫೆನಾಮಿಕ್ ಆಸಿಡ್, ಕೆಟೊರೊಲ್ಯಾಕ್, ಪಿರಾಕ್ಸಿಕ್ಯಾಮ್, ನಿಮೆಸುಲೈಡ್, ಎಟೊರಿಕಾಕ್ಸಿಬ್ ಇವುಗಳಲ್ಲಿ ಯಾವುದಾದರೂ ಕಂಡರೆ ಅದು ಉರಿಯೂತ ನಿವಾರಕ ಗುಂಪಿನ ಮಾತ್ರೆ. ಈ ಲೇಖನದ ಎಲ್ಲ ಎಚ್ಚರಿಕೆಗಳೂ ಅದಕ್ಕೆ ಅನ್ವಯಿಸುತ್ತವೆ. ಪ್ಯಾರಾಸಿಟಮಾಲ್ ಈ ಗುಂಪಿಗೆ ಸೇರಿದ್ದಲ್ಲ. ಅದು ನೋವು ಮತ್ತು ಜ್ವರವನ್ನು ತಗ್ಗಿಸುತ್ತದೆ, ಊತದ ಮೇಲೆ ಅದರ ಪರಿಣಾಮ ಬಹಳ ಕಡಿಮೆ, ನಿಗದಿತ ಪ್ರಮಾಣದಲ್ಲಿ ಹೊಟ್ಟೆ ಮತ್ತು ಕಿಡ್ನಿಗೆ ಅದರ ಕಾಟವೂ ಕಡಿಮೆ.

ನಮ್ಮಲ್ಲಿ ಗೊಂದಲಕ್ಕೆ ಮುಖ್ಯ ಕಾರಣ ಜೋಡಿ ಮಾತ್ರೆಗಳು. ಅಸೆಕ್ಲೊಫೆನಾಕ್ 100 ಮಿಲಿಗ್ರಾಂ ಜೊತೆಗೆ ಪ್ಯಾರಾಸಿಟಮಾಲ್ 325 ಮಿಲಿಗ್ರಾಂ, ಐಬುಪ್ರೊಫೆನ್ 400 ಜೊತೆಗೆ ಪ್ಯಾರಾಸಿಟಮಾಲ್ 325, ಮುಟ್ಟಿನ ನೋವಿಗೆಂದು ಮೆಫೆನಾಮಿಕ್ ಆಸಿಡ್ 250 ಜೊತೆಗೆ ಡೈಸೈಕ್ಲೊಮೈನ್ 10, ಹೀಗೆ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿಗಳಿರುತ್ತವೆ. ಹಲ್ಲಿನ ವೈದ್ಯರು ಕೊಟ್ಟ ಮಾತ್ರೆಯಲ್ಲಿ ಅಸೆಕ್ಲೊಫೆನಾಕ್ ಇದ್ದು, ಮನೆಯಲ್ಲಿ ಸೊಂಟನೋವಿಗೆಂದು ಉಳಿದಿದ್ದ ಮಾತ್ರೆಯಲ್ಲಿ ಡೈಕ್ಲೊಫೆನಾಕ್ ಇದ್ದರೆ, ಎರಡನ್ನೂ ನುಂಗಿದವರು ಬೇರೆ ಬೇರೆ ಮಾತ್ರೆ ತೆಗೆದುಕೊಂಡೆ ಎಂದುಕೊಳ್ಳುತ್ತಾರೆ. ದೇಹದ ಲೆಕ್ಕದಲ್ಲಿ ಅದು ಒಂದೇ ಬಗೆಯ ಔಷಧಿಯ ಎರಡು ಪಾಲು. ಇದರಿಂದ ನೋವು ಎರಡು ಪಟ್ಟು ಕಡಿಮೆಯಾಗುವುದಿಲ್ಲ, ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಮಾತ್ರ ಏರುತ್ತದೆ. ಆದ್ದರಿಂದ ಒಂದು ಸಮಯಕ್ಕೆ ಈ ಗುಂಪಿನ ಒಂದೇ ಔಷಧಿ.

ಪಟ್ಟಿಯ ಮೇಲೆ ಉದ್ದಕ್ಕೂ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದರ್ಥ. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುತ್ತದೆ ಎಂಬುದು ಆ ಗೆರೆಯ ಅರ್ಥವನ್ನು ಬದಲಿಸುವುದಿಲ್ಲ.

ಹಂತ 2: ನೀವು ಇದನ್ನು ನುಂಗಲೇಬಾರದವರ ಸಾಲಿನಲ್ಲಿದ್ದೀರಾ ನೋಡಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಹಾಗೆಯೇ ಹೆಚ್ಚು ಜನ ಹಾರಿಹೋಗುವ ಹಂತವೂ ಹೌದು. ಕೆಳಗಿನ ಯಾವ ಮಾತಾದರೂ ನಿಮಗೆ ಹೊಂದಿದರೆ, ನಿಮ್ಮ ವೈದ್ಯರು ಆ ಕಾಯಿಲೆಯ ಅರಿವಿದ್ದೂ ಬರೆದುಕೊಟ್ಟಿದ್ದರ ಹೊರತು, ಈ ಮಾತ್ರೆಗಳನ್ನು ಮುಟ್ಟಬೇಡಿ.

ಹಿಂದೆ ಎಂದಾದರೂ ಜಠರದ ಹುಣ್ಣು ಆಗಿದ್ದವರು, ರಕ್ತವಾಂತಿ ಅಥವಾ ಕಪ್ಪು ಮಲ ಕಂಡವರು. ಹತ್ತು ವರ್ಷದ ಹಿಂದೆ ವಾಸಿಯಾಗಿದೆ ಎಂದು ಕಡೆಗಣಿಸಬೇಡಿ. ಒಮ್ಮೆ ಹುಣ್ಣಾದವರಲ್ಲಿ ಮತ್ತೆ ಆಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ವಾರ್ಫರಿನ್, ಅಸೆನೊಕುಮರಾಲ್, ಅಪಿಕ್ಸಬಾನ್, ಕ್ಲೊಪಿಡೋಗ್ರೆಲ್ ಮುಂತಾದ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆಗಳನ್ನು ತೆಗೆದುಕೊಳ್ಳುವವರೂ ಇದೇ ಸಾಲಿನವರು, ಏಕೆಂದರೆ ಇಲ್ಲಿ ಹುಣ್ಣೊಂದು ಬಿದ್ದರೆ ಒಸರುವ ರಕ್ತ ಸುಲಭವಾಗಿ ನಿಲ್ಲುವುದಿಲ್ಲ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಯ ಜೊತೆಗೂ ಈ ಅಪಾಯ ಏರುತ್ತದೆ.

ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಹೃದಯ ದುರ್ಬಲವಾಗಿ ಕಾಲಲ್ಲಿ ನೀರು ತುಂಬುವವರು. ಈ ಮಾತ್ರೆಗಳು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತವೆ, ರಕ್ತದೊತ್ತಡ ಏರಿಸುತ್ತವೆ, ಹೃದಯಾಘಾತದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ರೊಫೆಕಾಕ್ಸಿಬ್ ಎಂಬ ಇದೇ ಬಳಗದ ಔಷಧಿಯನ್ನು 2004ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದದ್ದು ಈ ಕಾರಣಕ್ಕೇ. ಹೊಟ್ಟೆಗೆ ಸುರಕ್ಷಿತ ಎಂದು ಬರೆದುಕೊಡುವ ಎಟೊರಿಕಾಕ್ಸಿಬ್ ಹೃದಯದ ವಿಷಯದಲ್ಲಿ ಸುರಕ್ಷಿತವಲ್ಲ. ಬಿಪಿ ಹತೋಟಿಯಲ್ಲಿಲ್ಲದವರಿಗೆ ಅದನ್ನು ಕೊಡುವಂತಿಲ್ಲ. ಡೈಕ್ಲೊಫೆನಾಕ್ ಕೂಡ ಹೃದಯದ ಕಾಯಿಲೆ ಇರುವವರಿಗೆ ಬೇಡ ಎಂದು ಯುರೋಪಿನ ಔಷಧಿ ನಿಯಂತ್ರಕರು 2013ರಲ್ಲೇ ಹೇಳಿದ್ದಾರೆ.

ಮೂತ್ರಪಿಂಡದ ಕಾಯಿಲೆ ಇರುವವರು, ಕ್ರಿಯಾಟಿನಿನ್ ಹೆಚ್ಚಿದೆ ಎಂದು ವರದಿಯಲ್ಲಿ ಕಂಡವರು, ಲಿವರ್ ಸಿರೋಸಿಸ್ ಇರುವವರು. ಕ್ರಿಯಾಟಿನಿನ್ ಎಂದರೆ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬುದನ್ನು ತಿಳಿಸುವ ರಕ್ತಪರೀಕ್ಷೆಯ ಅಂಶ. ಮಧುಮೇಹ ಬಹಳ ವರ್ಷದಿಂದ ಇದ್ದರೆ, ಈ ಪರೀಕ್ಷೆ ಮಾಡಿಸದೆ ನನ್ನ ಕಿಡ್ನಿ ಸರಿಯಾಗಿದೆ ಎಂದು ಊಹಿಸಿಕೊಳ್ಳಬೇಡಿ. ಕಿಡ್ನಿ ಸಾಕಷ್ಟು ಹಾಳಾಗುವವರೆಗೂ ಯಾವ ಲಕ್ಷಣವೂ ಕಾಣದಿರಬಹುದು.

ಗರ್ಭಿಣಿಯರು, ಅದರಲ್ಲೂ 20 ವಾರ ತುಂಬಿದ ಮೇಲೆ. ಮಗುವಿನ ಸುತ್ತಲಿನ ನೀರಿನ ಬಹುಪಾಲು ಮಗುವಿನ ಕಿಡ್ನಿಯಿಂದಲೇ ಬರುವಂಥದ್ದು. ತಾಯಿ ನುಂಗಿದ ಮಾತ್ರೆಯಿಂದ ಆ ಕಿಡ್ನಿಯ ಕೆಲಸ ಕುಗ್ಗಿ ನೀರು ಕಡಿಮೆಯಾಗಬಹುದು. ಕೊನೆಯ ಮೂರು ತಿಂಗಳಲ್ಲಿ, ಹೆರಿಗೆಯವರೆಗೆ ತೆರೆದಿರಬೇಕಾದ ಮಗುವಿನ ಹೃದಯದ ಬಳಿಯ ರಕ್ತನಾಳವೊಂದು ಅಕಾಲದಲ್ಲಿ ಮುಚ್ಚಿಕೊಳ್ಳುವ ಅಪಾಯವೂ ಇದೆ. ಪ್ರಸೂತಿ ತಜ್ಞರೇ ಕೊಟ್ಟಿರುವ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇರೆ ವಿಷಯ, ಅದನ್ನು ನೀವಾಗಿ ನಿಲ್ಲಿಸಬಾರದು.

ಆಸ್ಪಿರಿನ್ ಅಥವಾ ಯಾವುದೇ ನೋವಿನ ಮಾತ್ರೆ ನುಂಗಿದ ಮೇಲೆ ಉಬ್ಬಸ, ಮುಖದ ಊತ ಅಥವಾ ಮೈತುಂಬ ದದ್ದು ಬಂದವರು. ಆಸ್ತಮಾ ಇದ್ದು ಮೂಗಿನಲ್ಲಿ ದುರ್ಮಾಂಸವೂ ಬೆಳೆದಿದ್ದರೆ ಈ ಸಾಧ್ಯತೆ ಹೆಚ್ಚು. ಒಂದು ಮಾತ್ರೆಗೆ ಹೀಗಾದರೆ ಇದೇ ಗುಂಪಿನ ಬೇರೆ ಮಾತ್ರೆಗೂ ಆಗಬಹುದು, ಹೆಸರು ಬದಲಿಸಿದರೆ ಪ್ರಯೋಜನವಿಲ್ಲ.

ಮಳೆಗಾಲದ ಜ್ವರ ಬಂದವರು. ಇದನ್ನು ಪ್ರತ್ಯೇಕವಾಗಿ ಹೇಳುವ ಅಗತ್ಯವಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು, ಮತ್ತು ಡೆಂಗಿಯ ಮೊದಲ ಲಕ್ಷಣವೇ ಜ್ವರದೊಂದಿಗೆ ಮೈಕೈ ನುಜ್ಜುಗುಜ್ಜಾದಂತಹ ನೋವು, ಅಂದರೆ ಜನ ನೋವಿನ ಮಾತ್ರೆ ಹುಡುಕುವಂಥ ನೋವು. ಡೆಂಗಿಯಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು, ಕಡಿಮೆಯಾಗುತ್ತವೆ. ಅದರ ಮೇಲೆ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಬಿದ್ದರೆ ರಕ್ತಸ್ರಾವಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಜ್ವರಕ್ಕೂ ಮೈನೋವಿಗೂ ಪ್ಯಾರಾಸಿಟಮಾಲ್ ಮಾತ್ರ. ಜ್ವರ ಇಳಿಯಲಿಲ್ಲವೆಂದು ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳುವುದೂ ಬೇಡ, ಅದರಲ್ಲಿರುವುದು ಹೆಚ್ಚಾಗಿ ಡೈಕ್ಲೊಫೆನಾಕೇ.

ಮಕ್ಕಳಿಗೆ ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ರೂಢಿಯನ್ನು ಬಿಡಿ. ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಸೀತಾಳೆ ಸಿಡುಬು ಅಂದರೆ ಚಿಕನ್‌ಪಾಕ್ಸ್ ಬಂದ ಮಗುವಿಗೆ ಐಬುಪ್ರೊಫೆನ್ ಕೊಡಬಾರದು, ಜ್ವರದಲ್ಲಿರುವ ಮಕ್ಕಳಿಗೆ ಆಸ್ಪಿರಿನ್ ಅಂತೂ ಬೇಡವೇ ಬೇಡ.

ಇನ್ನು, ಪೂರ್ತಿ ನಿಷೇಧವಿಲ್ಲದಿದ್ದರೂ ವೈದ್ಯರನ್ನು ಕೇಳದೆ ಶುರುಮಾಡಬಾರದವರು ಎಂದರೆ 65 ದಾಟಿದವರು ಮತ್ತು ಬಿಪಿ ಮಾತ್ರೆ ತೆಗೆದುಕೊಳ್ಳುವವರು. ಈ ಎರಡನೆಯ ಗುಂಪು ನಮ್ಮಲ್ಲಿ ಎಷ್ಟು ದೊಡ್ಡದೆಂದರೆ, ಅವರ ವಿಷಯವನ್ನು ಒಂದು ಉದಾಹರಣೆಯ ಮೂಲಕ ಬಿಡಿಸಿ ನೋಡುವುದು ಒಳ್ಳೆಯದು.

ಒಂದು ಉದಾಹರಣೆ: ಬಿಪಿ ಮಾತ್ರೆ, ಮಂಡಿನೋವು ಮತ್ತು ಎರಡು ದಿನದ ಭೇದಿ

64 ವರ್ಷದ ಗೃಹಿಣಿಯೊಬ್ಬರು ಎಂದುಕೊಳ್ಳೋಣ. ಪ್ರತಿದಿನ ಬೆಳಿಗ್ಗೆ ಟೆಲ್ಮಿಸಾರ್ಟನ್ 40 ಮತ್ತು ಹೈಡ್ರೊಕ್ಲೊರೊಥಯಾಜೈಡ್ 12.5 ಮಿಲಿಗ್ರಾಂ ಸೇರಿದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಂಡಿನೋವು ಜಾಸ್ತಿಯಾಗಿ ಔಷಧಿ ಅಂಗಡಿಯಿಂದ ಅಸೆಕ್ಲೊಫೆನಾಕ್ 100 ಮತ್ತು ಪ್ಯಾರಾಸಿಟಮಾಲ್ 325ರ ಜೋಡಿ ಮಾತ್ರೆ ತರಿಸಿ, ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು, ರಾತ್ರಿ ಊಟವಾದ ಮೇಲೆ ಒಂದು ನುಂಗುತ್ತಾರೆ. ನೋವು ಹಿಡಿತಕ್ಕೆ ಬಂದಿದೆ, ಹೊಟ್ಟೆ ಉರಿಯುತ್ತಿಲ್ಲ, ಹಾಗಾಗಿ ಮೂರು ವಾರ ಮುಂದುವರಿಸಿದ್ದಾರೆ. ನಾಲ್ಕನೆಯ ವಾರ ಎಲ್ಲೋ ಊಟ ಹಿಡಿಸದೆ ಎರಡು ದಿನ ವಾಂತಿ ಭೇದಿ. ಮೂರೂ ಮಾತ್ರೆಗಳನ್ನು, ಅಂದರೆ ಬಿಪಿಯದೊಂದು, ನೋವಿನದೆರಡು, ತಪ್ಪದೆ ತೆಗೆದುಕೊಂಡರು. ಮೂರನೆಯ ದಿನ ಸುಸ್ತು, ಮೂತ್ರ ಬಹಳ ಕಡಿಮೆ, ಕಾಲು ಊದಿಕೊಂಡಿದೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದೆ.

ಊಟದ ನಂತರವೇ ನುಂಗಿದ್ದರಲ್ಲ, ಹೀಗೇಕಾಯಿತು? ಟೆಲ್ಮಿಸಾರ್ಟನ್ ಕಿಡ್ನಿಯಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಆದ್ದರಿಂದ ಸೋಸುವ ಜಾಗದಲ್ಲಿ ಒತ್ತಡ ತಗ್ಗುತ್ತದೆ. ಹೈಡ್ರೊಕ್ಲೊರೊಥಯಾಜೈಡ್ ಮೂತ್ರದ ಮೂಲಕ ಉಪ್ಪು ನೀರನ್ನು ಹೊರಹಾಕಿ ಹರಿಯುವ ರಕ್ತದ ಪ್ರಮಾಣವನ್ನೇ ಸ್ವಲ್ಪ ಇಳಿಸುತ್ತದೆ. ಇವೆರಡೂ ಬಿಪಿಗೆ ಒಳ್ಳೆಯ ಔಷಧಿಗಳೇ, ಕಿಡ್ನಿ ತನಗೆ ರಕ್ತ ತರುವ ನಾಳವನ್ನು ಪ್ರೊಸ್ಟಾಗ್ಲಾಂಡಿನ್ ಸಹಾಯದಿಂದ ಅಗಲಿಸಿಕೊಂಡು ಇವುಗಳ ಜೊತೆ ಹೊಂದಿಕೊಂಡಿರುತ್ತದೆ. ಅಸೆಕ್ಲೊಫೆನಾಕ್ ಆ ಕೊನೆಯ ಆಸರೆಯನ್ನೂ ಕಿತ್ತುಕೊಂಡಿತು, ವಾಂತಿ ಭೇದಿಯಲ್ಲಿ ದೇಹದ ನೀರೂ ಹೋಯಿತು. ಲೋಸಾರ್ಟನ್, ಓಲ್ಮೆಸಾರ್ಟನ್, ಎನಾಲಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವವರಿಗೂ, ಫ್ಯೂರೊಸಮೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಲೆಕ್ಕ ಅನ್ವಯ. ಬೇಸಿಗೆಯಲ್ಲಿ ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ದಿನವಿಡೀ ಬೆವರಿ, ಸಂಜೆ ಮೈಕೈ ನೋವಿಗೆಂದು ಮಾತ್ರೆ ನುಂಗುವವರಲ್ಲೂ ನೀರಿನ ಕೊರತೆಯಿಂದ ಕಿಡ್ನಿಗೆ ಇಂಥದೇ ಒತ್ತಡ ಬೀಳುತ್ತದೆ.

ಇವರು ಮಾಡಬೇಕಿದ್ದದ್ದು ಹೀಗೆ. ಭೇದಿ ಶುರುವಾದ ಮೊದಲ ದಿನವೇ ನೋವಿನ ಮಾತ್ರೆ ನಿಲ್ಲಿಸಿ, ಓಆರ್‌ಎಸ್ ಕುಡಿಯುತ್ತ, ಬಿಪಿ ಮಾತ್ರೆಯನ್ನು ಆ ಎರಡು ದಿನ ತೆಗೆದುಕೊಳ್ಳಬೇಕೇ ಬೇಡವೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳುವುದು. ಅದಕ್ಕೂ ಮುಂಚೆ, ಮಂಡಿನೋವಿಗೆ ಮಾತ್ರೆಯನ್ನು ಆರಿಸುವಾಗಲೇ ಮುಂದಿನ ಹಂತವನ್ನು ಪಾಲಿಸುವುದು.

ಹಂತ 3: ಇದಿಲ್ಲದೆ ಆಗುತ್ತದೆಯೇ ನೋಡಿ, ಆಗದಿದ್ದರೆ ದಿನ ಎಣಿಸಿ ಶುರುಮಾಡಿ

ಮಂಡಿ, ಮಣಿಕಟ್ಟು, ಬೆರಳುಗಳಂಥ, ಚರ್ಮಕ್ಕೆ ಹತ್ತಿರವಿರುವ ಕೀಲುಗಳ ನೋವಿಗೆ ಡೈಕ್ಲೊಫೆನಾಕ್ ಜೆಲ್ ಮೊದಲ ಆಯ್ಕೆಯಾಗಬೇಕು. ಹಚ್ಚಿದ ಜೆಲ್‌ನಿಂದ ರಕ್ತಕ್ಕೆ ಸೇರುವ ಔಷಧಿ, ಮಾತ್ರೆಯಿಂದ ಸೇರುವುದರ ಒಂದು ಸಣ್ಣ ಪಾಲು ಮಾತ್ರ. ಶೇಕಡಾ 1ರ ಜೆಲ್ಲನ್ನು ದಿನಕ್ಕೆ ಮೂರು ನಾಲ್ಕು ಸಲ ಹಚ್ಚಿ, ಕೆಲವು ದಿನ ಬಿಡದೆ ನೋಡಿದರಷ್ಟೇ ಅದರ ಗುಣ ತಿಳಿಯುತ್ತದೆ. ಒಮ್ಮೆ ಹಚ್ಚಿ ಏನೂ ಆಗಲಿಲ್ಲ ಎಂದು ಬಿಡುವವರೇ ಹೆಚ್ಚು. ಗಾಯವಿರುವ ಚರ್ಮಕ್ಕೆ ಹಚ್ಚಬೇಡಿ, ಹಚ್ಚಿದ ಜಾಗಕ್ಕೆ ಬಿಸಿ ಶಾಖ ಕೊಡಬೇಡಿ. ದಪ್ಪ ಸ್ನಾಯುಗಳ ಕೆಳಗಿರುವ ಸೊಂಟದ ಆಳದ ನೋವಿಗೆ ಇದರಿಂದ ಹೆಚ್ಚಿನ ನಿರೀಕ್ಷೆ ಬೇಡ. ಊತವಿಲ್ಲದ ನೋವಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂನಿಂದ ಶುರುಮಾಡಬಹುದು. ವಯಸ್ಕರು ದಿನಕ್ಕೆ ಒಟ್ಟು 3 ಗ್ರಾಂ ದಾಟದಂತೆ ನೋಡಿಕೊಳ್ಳುವುದು ಕ್ಷೇಮ. ಕುಡಿತದ ಅಭ್ಯಾಸ ಅಥವಾ ಲಿವರ್ ತೊಂದರೆ ಇದ್ದರೆ ಮಿತಿ ಅದಕ್ಕಿಂತ ಕಡಿಮೆ, ವೈದ್ಯರನ್ನೇ ಕೇಳಬೇಕು. ಜೋಡಿ ಮಾತ್ರೆಯಲ್ಲಿ ಅಡಗಿರುವ 325 ಮಿಲಿಗ್ರಾಂ ಅನ್ನೂ ಈ ಲೆಕ್ಕಕ್ಕೆ ಸೇರಿಸಿ.

ಇಷ್ಟಾದ ಮೇಲೂ ಉರಿಯೂತ ನಿವಾರಕ ಬೇಕೇ ಬೇಕು ಎಂದಾದರೆ, ಮತ್ತು ಎರಡನೆಯ ಹಂತದ ಯಾವ ಅಡ್ಡಿಯೂ ನಿಮಗಿಲ್ಲದಿದ್ದರೆ, ಕಡಿಮೆ ಪ್ರಮಾಣದಿಂದ ಶುರುಮಾಡಿ. ಐಬುಪ್ರೊಫೆನ್ ಆದರೆ 200ರಿಂದ 400 ಮಿಲಿಗ್ರಾಂ, ಎರಡು ಮಾತ್ರೆಗಳ ನಡುವೆ ಕನಿಷ್ಠ 6 ಗಂಟೆ, ವೈದ್ಯರನ್ನು ಕೇಳದೆ ತೆಗೆದುಕೊಳ್ಳುವಾಗ ದಿನಕ್ಕೆ ಒಟ್ಟು 1200 ಮಿಲಿಗ್ರಾಂ ಮೀರಬಾರದು. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್‌ಗಳನ್ನು ಚೀಟಿಯಲ್ಲಿ ಬರೆದಷ್ಟೇ ತೆಗೆದುಕೊಳ್ಳಿ.

ದಿನಗಳ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಬಿಗಿಯಾದದ್ದು. ನೀವಾಗಿಯೇ ಕೊಂಡು ತೆಗೆದುಕೊಳ್ಳುವುದಾದರೆ ಮೂರು ದಿನ. ಹತ್ತರ ಪಟ್ಟಿ ಕೊಂಡದ್ದರಿಂದ ಹತ್ತನ್ನೂ ಮುಗಿಸಬೇಕು ಎಂಬ ನಿಯಮ ಆಂಟಿಬಯಾಟಿಕ್‌ಗೆ ವೈದ್ಯರು ಹೇಳುವ ಕೋರ್ಸ್‌ನಿಂದ ಬಂದ ತಪ್ಪು ಎಣಿಕೆ. ನೋವಿನ ಮಾತ್ರೆಗೆ ಕೋರ್ಸ್ ಎಂಬುದಿಲ್ಲ, ಎರಡನೆಯ ದಿನವೇ ನೋವು ಹೋದರೆ ಎರಡನೆಯ ದಿನವೇ ನಿಲ್ಲಿಸಬೇಕು. ಮುಟ್ಟಿನ ನೋವಿಗೆ ಸಾಮಾನ್ಯವಾಗಿ ಮೊದಲ ಎರಡು ಮೂರು ದಿನ ಸಾಕಾಗುತ್ತದೆ. ಹಲ್ಲು ಕೀಳಿಸಿದಾಗ ಕೊಡುವ ಕೆಟೊರೊಲ್ಯಾಕ್ ತುಂಬ ಪ್ರಬಲವಾದದ್ದು, ಇಂಜೆಕ್ಷನ್ನೂ ಸೇರಿ ಒಟ್ಟು 5 ದಿನಕ್ಕಿಂತ ಹೆಚ್ಚು ಅದನ್ನು ಬಳಸುವಂತಿಲ್ಲ. ಮೂರು ದಿನದಲ್ಲಿ ತಗ್ಗದ ನೋವಿಗೆ ನಾಲ್ಕನೆಯ ದಿನದ ಮಾತ್ರೆಗಿಂತ ಕಾರಣ ಹುಡುಕುವುದು ಅಗತ್ಯ. ರಕ್ತಸ್ರಾವವಾಗಲಿ ಹೃದಯದ ತೊಂದರೆಯಾಗಲಿ ತಿಂಗಳಾದ ಮೇಲಷ್ಟೇ ಬರುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಮೊದಲ ವಾರದಲ್ಲೇ ಆಗುವುದುಂಟು, ದಿನಗಳು ಮತ್ತು ಪ್ರಮಾಣ ಹೆಚ್ಚಿದಂತೆ ಸಾಧ್ಯತೆ ಏರುತ್ತದೆ.

ಇದಕ್ಕೆ ಹೊರತಾದವರು ಸಂಧಿವಾತದ ಕೆಲವು ಬಗೆಗಳಿಂದ ಬಳಲುವವರು. ರುಮಟಾಯ್ಡ್ ಸಂಧಿವಾತಕ್ಕೆ ಅಥವಾ ಬೆನ್ನುಮೂಳೆಯನ್ನು ಬಿಗಿಗೊಳಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೆ ವೈದ್ಯರು ದೀರ್ಘಕಾಲಕ್ಕೆ ಬರೆದುಕೊಟ್ಟಿದ್ದರೆ, ಈ ಲೇಖನ ಓದಿ ಮಾತ್ರೆ ಬಿಡಬೇಡಿ. ಬಿಪಿ, ಹಿಮೋಗ್ಲೋಬಿನ್ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಯಾವಾಗ ಮಾಡಿಸಬೇಕು ಎಂದು ಮುಂದಿನ ಭೇಟಿಯಲ್ಲಿ ಕೇಳಿ.

ಹಂತ 4: ನುಂಗುವಾಗ

ಈಗ ಊಟದ ಪ್ರಶ್ನೆ. ಮಾತ್ರೆ ಬರಿಹೊಟ್ಟೆಯಲ್ಲಿ ಜಠರದ ಗೋಡೆಗೆ ತಾಗಿ ಕರಗಿದಾಗ ಆ ಜಾಗ ನೇರವಾಗಿ ಕೆರಳುತ್ತದೆ, ಹೊಟ್ಟೆ ತೊಳಸಿ ಉರಿಯುತ್ತದೆ. ಆಹಾರ ಇದ್ದರೆ ಈ ಕಿರಿಕಿರಿ ಕಡಿಮೆಯಾಗುತ್ತದೆ. ಆಹಾರದಿಂದ ಸಿಗುವ ಲಾಭ ಇಷ್ಟೇ. ರಕ್ತಕ್ಕೆ ಸೇರಿದ ಔಷಧಿ ಮತ್ತೆ ಜಠರಕ್ಕೆ ಬಂದು ಅಲ್ಲಿನ ರಕ್ಷಣೆಯ ಪದರವನ್ನು ತೆಳ್ಳಗಾಗಿಸುವುದನ್ನು ಯಾವ ಊಟವೂ ತಡೆಯುವುದಿಲ್ಲ. ಬಾಯಿಯ ಮೂಲಕ ಹೋಗದ ಇಂಜೆಕ್ಷನ್‌ನಿಂದಲೂ ಹುಣ್ಣಾಗುತ್ತದೆ ಎಂಬುದೇ ಇದಕ್ಕೆ ಸಾಕ್ಷಿ. ಹೊಟ್ಟೆ ಉರಿಯದಿರುವುದು ಹೊಟ್ಟೆ ಕ್ಷೇಮವಾಗಿದೆ ಎಂಬುದರ ಗುರುತಲ್ಲ. ಯಾವ ಮುನ್ಸೂಚನೆಯೂ ಇಲ್ಲದೆ ನೇರವಾಗಿ ರಕ್ತಸ್ರಾವದೊಂದಿಗೆ ಆಸ್ಪತ್ರೆ ಸೇರುವವರು, ಅದರಲ್ಲೂ ವಯಸ್ಸಾದವರು, ಬಹಳ ಮಂದಿ ಇದ್ದಾರೆ.

ಹಾಗಿದ್ದರೂ ಆಹಾರದೊಂದಿಗೇ ತೆಗೆದುಕೊಳ್ಳಿ, ಸರಿಯಾಗಿ ತೆಗೆದುಕೊಳ್ಳಿ. ಪೂರ್ತಿ ಊಟವೇ ಆಗಬೇಕಿಲ್ಲ. ಎರಡು ಇಡ್ಲಿ, ಒಂದು ಸಣ್ಣ ಬಟ್ಟಲು ಮೊಸರನ್ನ, ಒಂದು ಚಪಾತಿ ಅಥವಾ ನಾಲ್ಕು ಬಿಸ್ಕತ್ತಿನೊಂದಿಗೆ ಒಂದು ಲೋಟ ಹಾಲು ಸಾಕು. ಬರಿ ಕಾಫಿ ಅಥವಾ ಚಹಾ ಆಹಾರದ ಲೆಕ್ಕಕ್ಕೆ ಬರುವುದಿಲ್ಲ. ತಿಂಡಿಯ ನಡುವೆ ಅಥವಾ ಮುಗಿದ ಹತ್ತು ಹದಿನೈದು ನಿಮಿಷದೊಳಗೆ, ಒಂದು ದೊಡ್ಡ ಲೋಟ ನೀರಿನೊಂದಿಗೆ, ಕುಳಿತೋ ನಿಂತೋ ನುಂಗಿ, ಆಮೇಲೆ ಅರ್ಧ ಗಂಟೆ ಮಲಗಬೇಡಿ. ರಾತ್ರಿ ಹಾಸಿಗೆಯಲ್ಲಿ ಒಂದು ಗುಟುಕು ನೀರಿನೊಂದಿಗೆ ನುಂಗಿ ಹಾಗೆಯೇ ಮಲಗಿದವರಲ್ಲಿ ಮಾತ್ರೆ ಅನ್ನನಾಳದಲ್ಲೇ ಅಂಟಿ ಕರಗಿ ಅಲ್ಲಿಯೇ ಹುಣ್ಣು ಮಾಡುತ್ತದೆ. ಮರುದಿನ ನುಂಗುವಾಗ ಎದೆಯ ಮಧ್ಯೆ ಚುಚ್ಚಿದಂತಾದರೆ ಇದನ್ನು ಅನುಮಾನಿಸಬೇಕು.

ಆಹಾರದೊಂದಿಗೆ ನುಂಗಿದಾಗ ಔಷಧಿ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಬರಿಹೊಟ್ಟೆಗಿಂತ ಪರಿಣಾಮ ತಡವಾಗಿ ಕಾಣುತ್ತದೆ. ಅರ್ಧ ಗಂಟೆಯಾದರೂ ನೋವು ಹೋಗಲಿಲ್ಲವೆಂದು ಇನ್ನೊಂದು ನುಂಗುವ ತಪ್ಪು ಇಲ್ಲಿಂದಲೇ ಹುಟ್ಟುವುದು. ನುಂಗಿದ ಸಮಯವನ್ನು ಪಟ್ಟಿಯ ಮೇಲೆಯೇ ಪೆನ್ನಿನಿಂದ ಬರೆದಿಟ್ಟರೆ ಮುಂದಿನ ಮಾತ್ರೆ ಎಷ್ಟು ಗಂಟೆಗೆ ಎಂಬ ಗೊಂದಲವಿರುವುದಿಲ್ಲ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನೋ ಕರುಳಿನಲ್ಲಿ ಕರಗುವಂತೆ ಹೊದಿಕೆ ಹಾಕಿದ ಮಾತ್ರೆಯನ್ನೋ ಅಗಿಯಬೇಡಿ, ಮುರಿಯಬೇಡಿ. ನೋವಿನ ಮಾತ್ರೆ ನಡೆಯುತ್ತಿರುವ ದಿನಗಳಲ್ಲಿ ಮದ್ಯ ಬೇಡ.

ಹೃದಯಕ್ಕೆಂದು ದಿನವೂ 75 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಐಬುಪ್ರೊಫೆನ್ ಆ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರುತ್ತದೆ. ಹೇಗಿದ್ದರೂ ಅವರು ಎರಡನೆಯ ಹಂತದಲ್ಲೇ ನಿಲ್ಲಬೇಕಾದವರು.

ಹಂತ 5: ಗ್ಯಾಸ್ ಮಾತ್ರೆಯನ್ನು ಸರಿಯಾಗಿ ಅರ್ಥಮಾಡಿಕೊಳ್ಳಿ

ನೋವಿನ ಮಾತ್ರೆಯ ಜೊತೆ ಗ್ಯಾಸ್ ಮಾತ್ರೆ ಎಂದು ಕೊಡುವುದು ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ 40 ಅಥವಾ ಒಮೆಪ್ರಜೋಲ್ 20. ಇವು ಜಠರದಲ್ಲಿ ಆಮ್ಲದ ಉತ್ಪಾದನೆಯನ್ನು ತಗ್ಗಿಸಿ, ಜಠರ ಮತ್ತು ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಾಗುವುದನ್ನು ಚೆನ್ನಾಗಿ ತಡೆಯುತ್ತವೆ. ಇವನ್ನು ತೆಗೆದುಕೊಳ್ಳಬೇಕಾದದ್ದು ತಿಂಡಿಗೆ ಅರ್ಧ ಗಂಟೆ ಮುಂಚೆ. ನೋವಿನ ಮಾತ್ರೆ ತಿಂಡಿಯಾದ ಮೇಲೆ. ಎರಡನ್ನೂ ಒಟ್ಟಿಗೆ ಊಟವಾದ ಮೇಲೆ ನುಂಗಿದರೆ ಗ್ಯಾಸ್ ಮಾತ್ರೆಯ ಪ್ರಯೋಜನ ಕುಗ್ಗುತ್ತದೆ. ಬಣ್ಣದ ಆಂಟಾಸಿಡ್ ಸಿರಪ್ ಉರಿಯನ್ನು ತಣಿಸುತ್ತದೆಯೇ ಹೊರತು ಹುಣ್ಣನ್ನು ತಡೆಯುವುದಿಲ್ಲ, ಕೆಲವೊಮ್ಮೆ ಎಚ್ಚರಿಕೆಯ ಗಂಟೆಯಾದ ಆ ಉರಿಯನ್ನೇ ಮರೆಮಾಚುತ್ತದೆ. ಪ್ಯಾಂಟೊಪ್ರಜೋಲ್ ಇದೆ ಎಂಬ ಧೈರ್ಯದಿಂದ ದಿನಗಳನ್ನು ಹೆಚ್ಚಿಸುವುದೂ ಸಲ್ಲದು, ಏಕೆಂದರೆ ಕಿಡ್ನಿಗಾಗಲಿ ಹೃದಯಕ್ಕಾಗಲಿ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಹಂತ 6: ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಮಲ ಟಾರಿನಂತೆ ಕಪ್ಪಾಗಿ, ಅಂಟಂಟಾಗಿ, ಎಂದಿಲ್ಲದ ದುರ್ನಾತದಿಂದ ಕೂಡಿದ್ದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದೇ ತಿಳಿಯಿರಿ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ಅಂಟುವುದಿಲ್ಲ. ಅನುಮಾನವಿದ್ದರೆ ರಕ್ತಸ್ರಾವವೆಂದುಕೊಂಡೇ ತೋರಿಸಿ. ವಾಂತಿಯಲ್ಲಿ ರಕ್ತ ಅಥವಾ ಕಾಫಿ ಗಷ್ಟಿನಂಥ ಕಂದು ಚೂರುಗಳು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ತಡೆಯಲಾರದ ಹೊಟ್ಟೆನೋವು, ಎದೆನೋವು, ಉಸಿರುಗಟ್ಟುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಮೂತ್ರ ಕಡಿಮೆಯಾಗುವುದು, ಪಾದ ಮತ್ತು ಮುಖ ಊದಿಕೊಳ್ಳುವುದು, ಕೆಲವೇ ದಿನಗಳಲ್ಲಿ ತೂಕ ಏರುವುದು ಕಿಡ್ನಿಯ ಸೂಚನೆಗಳು. ಮಾತ್ರೆ ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕಂಡು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಬೇಗ ಗುರುತಿಸಿದರೆ ಬಹಳಷ್ಟು ಸಲ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಮಾತ್ರೆ ಶುರುಮಾಡಿದ ಕೆಲವು ದಿನ ಅಥವಾ ವಾರಗಳಲ್ಲಿ ಜ್ವರದೊಂದಿಗೆ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಅಥವಾ ಕತ್ತಿನ ಗಂಟುಗಳ ಊತ ಕಂಡರೂ ತಡಮಾಡಬಾರದು. ಮೆಫೆನಾಮಿಕ್ ಆಸಿಡ್‌ನಿಂದ ಇಂಥ ತೀವ್ರ ಅಲರ್ಜಿ ಬರಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರ ಕೊನೆಯಲ್ಲಿ ವೈದ್ಯರನ್ನೂ ಬಳಕೆದಾರರನ್ನೂ ಎಚ್ಚರಿಸಿದೆ.

ಆಸ್ಪತ್ರೆಗೆ ಹೋಗುವಾಗ ಖಾಲಿಯಾದ ಮಾತ್ರೆಯ ಪಟ್ಟಿಗಳನ್ನೂ, ಬಿಪಿ, ಶುಗರ್ ಸೇರಿ ದಿನನಿತ್ಯದ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬೇರೆ ಏನಾದರೂ ಮಾತ್ರೆ ತೆಗೆದುಕೊಂಡಿರಾ ಎಂದು ವೈದ್ಯರು ಕೇಳಿದಾಗ, ನೋವಿನ ಮಾತ್ರೆ ಲೆಕ್ಕಕ್ಕಿಲ್ಲ ಎಂದುಕೊಂಡು ಇಲ್ಲ ಎನ್ನುವವರೇ ಬಹಳ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಕೊನೆಯದನ್ನು ಯಾವಾಗ ನುಂಗಿದ್ದು ಎಂಬ ಮೂರನ್ನೂ ಕೇಳುವ ಮೊದಲೇ ತಿಳಿಸಿ.